ಪರೀಕ್ಷೆಗೆ ಮೂರು ತಿಂಗಳು: ಗಣಿತದಲ್ಲಿ ಹಿಂದೆ ಬಿದ್ದ ಮಗುವಿಗೆ ಒಂದು ಅಭ್ಯಾಸ ಕ್ರಮ

ದೀಪಾವಳಿಯ ಲಕ್ಷ್ಮೀಪೂಜೆ ಮುಗಿದು ಹೊಸ ಕಿರ್ದಿ ತೆರೆದ ಮೇಲೆ ನಮ್ಮ ವ್ಯಾಪಾರಸ್ಥ ಮನೆಗಳಲ್ಲಿ ಇನ್ನೊಂದು ಚಿಂತೆ ಶುರುವಾಗುತ್ತದೆ. ಹತ್ತನೆಯ ಇಯತ್ತೆಯಲ್ಲಿರುವ ಮಗನ ಅಥವಾ ಮಗಳ ಪ್ರಥಮ ಸತ್ರದ ಅಂಕಗಳು ಆಗ ಮನೆಗೆ ಬಂದಿರುತ್ತವೆ. ಮಹಾರಾಷ್ಟ್ರ ಮಂಡಳದ ಹತ್ತನೆಯ ಪರೀಕ್ಷೆ ಮೊದಲು ಮಾರ್ಚಿನಲ್ಲಿ ಆರಂಭವಾಗುತ್ತಿತ್ತು. 2025ರಲ್ಲಿ ಅದು ಫೆಬ್ರವರಿ 21ಕ್ಕೇ ಆರಂಭವಾಯಿತು. ಹಾಗಾಗಿ ನವೆಂಬರ ಮೂರನೆಯ ವಾರದಿಂದ ಎಣಿಸಿದರೆ ಕೈಯಲ್ಲಿ ಉಳಿಯುವುದು ಸರಿಯಾಗಿ ಮೂರು ತಿಂಗಳು.

ಗುಂಜೋಟಿಯ ಒಂದು ಕಿರಾಣಿ ಅಂಗಡಿಯ ಮನೆಯಿಂದ 2024ರ ನವೆಂಬರದಲ್ಲಿ ನಮಗೆ ಕರೆ ಬಂತು. ಹುಡುಗನ ಹೆಸರು ಇಲ್ಲಿ ಬೇಡ. ಬೀಜಗಣಿತದಲ್ಲಿ 40ಕ್ಕೆ 9, ಭೂಮಿತಿಯಲ್ಲಿ 40ಕ್ಕೆ 7. ತಂದೆಯವರು, "ನಾಪಾಸಾದರೆ ಏನ್ರಿ, ಅಂಗಡಿ ಅದ ಅಲ್ಲ, ಕೂಡತಾನ" ಎಂದರು. ತಾಯಿಯವರು ಏನೂ ಹೇಳಲಿಲ್ಲ, ಹುಡುಗನೂ ತಲೆ ಎತ್ತಲಿಲ್ಲ. ಆದರೆ ಅವನಿಗೆ ಅಂಗಡಿಯಲ್ಲಿ ಕೂಡುವ ಮನಸ್ಸಿರಲಿಲ್ಲ. ಲಾತೂರಿನಲ್ಲಿ ಹನ್ನೊಂದನೆಯ ಇಯತ್ತೆಯ ವಾಣಿಜ್ಯ ಶಾಖೆಗೆ ಸೇರಬೇಕೆಂಬುದು ಅವನ ಆಸೆ ಎಂದು ಆಮೇಲೆ ತಿಳಿಯಿತು.

ಮೊದಲು ಗುರಿ ಎಷ್ಟೆಂದು ಲೆಕ್ಕ ಹಾಕಿದೆವು. ಗಣಿತದ 100 ಅಂಕಗಳಲ್ಲಿ ಬೀಜಗಣಿತದ ಬರವಣಿಗೆಗೆ 40, ಭೂಮಿತಿಗೆ 40, ಶಾಲೆಯ ಅಂತರ್ಗತ ಮೌಲ್ಯಮಾಪನಕ್ಕೆ 20. ಉತ್ತೀರ್ಣನಾಗಲು 35 ಬೇಕು. ಅಂತರ್ಗತದಲ್ಲಿ 15 ಬಂದರೆ ಎರಡು ಪತ್ರಿಕೆ ಕೂಡಿ 20 ಸಾಕು, ಆದರೆ ಅಂಚಿನಲ್ಲಿ ನಿಂತವನು ಒಂದು ತಪ್ಪಿಗೇ ಜಾರುತ್ತಾನೆ. ಆದ್ದರಿಂದ ಬೀಜಗಣಿತದಲ್ಲಿ 20, ಭೂಮಿತಿಯಲ್ಲಿ 15 ಎಂದು ಗುರಿ ಇಟ್ಟೆವು. ಒಂಬತ್ತು ಬಂದವನಿಗೆ ಮೂರು ತಿಂಗಳಲ್ಲಿ 38 ತರಿಸುತ್ತೇವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ನವೆಂಬರ 20, ಬುಧವಾರ, ವಿಧಾನಸಭೆಯ ಮತದಾನಕ್ಕಾಗಿ ಶಾಲೆಗೆ ರಜೆ. ಅಂದು ಅವನ ಹಳೆಯ ಉತ್ತರಪತ್ರಿಕೆ ಹರಡಿ ಕೂತೆವು. ಅಂಗಡಿಯಲ್ಲಿ ನುಕಸಾನ ಬಂದರೆ ಯಾವ ಮಾಲಿನಲ್ಲಿ ಬಂತೆಂದು ಮೊದಲು ಹುಡುಕುತ್ತೇವೆ. ಹಾಗೆಯೇ ಬೀಜಗಣಿತದಲ್ಲಿ ಹೋದ 31 ಅಂಕಗಳನ್ನು ಮೂರು ಗುಂಪು ಮಾಡಿದೆವು. ಏನೂ ಬರೆಯದೆ ಬಿಟ್ಟದ್ದು 17. ರೀತಿ ಗೊತ್ತಿದ್ದೂ ಲೆಕ್ಕ ತಪ್ಪಿದ್ದು 9. ಪ್ರಶ್ನೆಯನ್ನೇ ತಪ್ಪು ತಿಳಿದದ್ದು 5. ಅಂದರೆ 14 ಅಂಕಗಳು ಅವನಿಗೆ ಅರ್ಧ ಗೊತ್ತಿದ್ದ ವಿಷಯದಲ್ಲೇ ಹೋಗಿದ್ದವು. ಹೊಸ ಪಾಠ ಕಲಿಸುವುದಕ್ಕಿಂತ ಇವನ್ನು ಹಿಂದಕ್ಕೆ ತರುವುದು ಸುಲಭ. ಮೊದಲ ಮೂರು ವಾರ ಇದೊಂದೇ ಕೆಲಸ.

ಲೆಕ್ಕ ತಪ್ಪುತ್ತಿದ್ದುದು ಬಹುತೇಕ ಋಣ ಚಿಹ್ನೆಯಲ್ಲಿ. ಒಂದು ಉದಾಹರಣೆ ನೋಡಿರಿ.

4x + 3y = 18
4x − 2y = 8

ಎರಡನೆಯದನ್ನು ಮೊದಲನೆಯದರಿಂದ ಕಳೆಯಬೇಕು. 3y ಯಿಂದ −2y ಕಳೆದರೆ 5y ಆಗುತ್ತದೆ. ಹುಡುಗ ಚಿಹ್ನೆ ಬದಲಿಸುವುದನ್ನು ಮರೆತು y = 10 ಎಂದು ಬರೆದ, ಅದನ್ನು ಮೊದಲ ಸಮೀಕರಣದಲ್ಲಿ ಇಟ್ಟು x = −3 ಎಂದು ತಂದ. ಮೊದಲ ಸಮೀಕರಣಕ್ಕೆ ಈ ಬೆಲೆಗಳು ಹೊಂದುತ್ತವೆ, ಏಕೆಂದರೆ x ಬಂದದ್ದೇ ಅದರಿಂದ. ಎರಡನೆಯದರಲ್ಲಿ ಇಟ್ಟರೆ −12 − 20 = −32. ಅಲ್ಲಿ 8 ಬರಬೇಕಿತ್ತು, ತಪ್ಪು ಸಿಕ್ಕಿಬಿತ್ತು. ಸರಿಯಾದ ಉತ್ತರ y = 2, x = 3. ಆದ್ದರಿಂದ ತಾಳೆಯನ್ನು ಯಾವಾಗಲೂ ಉಳಿದ ಇನ್ನೊಂದು ಸಮೀಕರಣದಲ್ಲಿ ನೋಡಬೇಕು. ಅರ್ಧ ನಿಮಿಷದ ಕೆಲಸ. ದಿನಕ್ಕೆ ಇಂಥ ನಾಲ್ಕು ಲೆಕ್ಕ ಮಾಡಿಸಿ, ಪ್ರತಿಯೊಂದಕ್ಕೂ ತಾಳೆ ಬರೆಸಿದೆವು. ತಪ್ಪಿದ ಲೆಕ್ಕಗಳಿಗೆ ಬೇರೆ ವಹಿ ಇಟ್ಟೆವು. ತಾರೀಖು, ತಪ್ಪಿದ ಸಾಲು, ಸರಿಯಾದ ಸಾಲು, ಇಷ್ಟೇ. ಹುಡುಗ ತಾನಾಗಿಯೇ ಅದಕ್ಕೆ "ತಪ್ಪಿನ ಕಿರ್ದಿ" ಎಂದು ಹೆಸರಿಟ್ಟ.

ಪ್ರಶ್ನೆ ತಪ್ಪು ತಿಳಿದದ್ದಕ್ಕೆ ಕಾರಣ ಭಾಷೆ. ನಮ್ಮ ಗಡಿಯ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡಿ ಮರಾಠಿಯಲ್ಲಿ ಪರೀಕ್ಷೆ ಬರೆಯುತ್ತಾರೆ. ಎರಡು ನಾಣ್ಯ ಚಿಮ್ಮಿದಾಗ "ಕಮೀತ ಕಮೀ ಏಕ ಛಾಪಾ" ಬರುವ ಸಂಭಾವ್ಯತೆ ಎಷ್ಟು ಎಂದು ಕೇಳಿದ್ದರು. ಹುಡುಗ ಅದನ್ನು "ಒಂದೇ ಛಾಪಾ" ಎಂದು ತಿಳಿದು ನಾಲ್ಕರಲ್ಲಿ ಎರಡು ಎಂದು ಬರೆದಿದ್ದ. ಕಡಿಮೆಯೆಂದರೂ ಒಂದು ಎಂದಾಗ ಎರಡೂ ಛಾಪಾ ಬಿದ್ದದ್ದೂ ಸೇರುತ್ತದೆ, ಉತ್ತರ ನಾಲ್ಕರಲ್ಲಿ ಮೂರು. ಆದ್ದರಿಂದ ಪ್ರತಿ ಶಾಬ್ದಿಕ ಲೆಕ್ಕವನ್ನು ಮೊದಲು ತಾಯಿಗೆ ಕನ್ನಡದಲ್ಲಿ ಹೇಳಬೇಕು, ಆಮೇಲೆ ಮರಾಠಿಯಲ್ಲಿ ಬರೆಯಬೇಕು ಎಂದು ನಿಯಮ ಮಾಡಿದೆವು. ತಾಯಿಗೆ ಗಣಿತ ಬರಬೇಕಾಗಿಲ್ಲ. "ಏನ ಕೇಳ್ಯಾರಪ್ಪಾ?" ಎಂದು ಕೇಳಿದರೆ ಸಾಕು. ಹೇಳಲು ಬಾರದಿದ್ದರೆ ಮಗನಿಗೆ ಪ್ರಶ್ನೆ ತಿಳಿದಿಲ್ಲವೆಂದು ಅವರಿಗೇ ಗೊತ್ತಾಗುತ್ತದೆ.

ಡಿಸೆಂಬರ ಎರಡನೆಯ ವಾರದಿಂದ ಪಾಠಗಳಿಗೆ ಕೈ ಹಾಕಿದೆವು. ಬೀಜಗಣಿತದ ಪತ್ರಿಕೆಯಲ್ಲಿ ಆಯ್ಕೆ ಸೇರಿ 60 ಅಂಕಗಳ ಪ್ರಶ್ನೆಗಳಿರುತ್ತವೆ, ಉತ್ತರಿಸಬೇಕಾದದ್ದು 40ಕ್ಕೆ. ಪುಸ್ತಕದಲ್ಲಿ ಆರು ಪಾಠ. 20ರ ಗುರಿ ಇರುವವನು ಆರನ್ನೂ ಅರೆಬರೆ ಓದುವ ಬದಲು ನಾಲ್ಕನ್ನು ಗಟ್ಟಿ ಮಾಡಿಕೊಂಡರೆ ಗುರಿ ಮುಟ್ಟಬಹುದು. ನಾವು ಆರಿಸಿದ್ದು ರೇಷೀಯ ಸಮೀಕರಣ, ಅಂಕಗಣಿತಿ ಶ್ರೇಢಿ, ಅರ್ಥನಿಯೋಜನ ಮತ್ತು ಸಂಭಾವ್ಯತೆ. ಉಳಿದ ಎರಡರಲ್ಲಿ ಒಂದು ಅಂಕದ ಪ್ರಶ್ನೆಗಳಿಗೆ ಬೇಕಾದಷ್ಟು ಮಾತ್ರ.

ಅರ್ಥನಿಯೋಜನದ ಪಾಠದಲ್ಲಿ ಜಿಎಸ್‌ಟಿ ಇದೆ. ಅದನ್ನು ಅಂಗಡಿಯಲ್ಲಿಯೇ ಕಲಿಸಿದೆವು. ತಂದೆಯವರ ಅಂಗಡಿ ಕಾಂಪೊಸಿಶನ್ ಯೋಜನೆಯಲ್ಲಿದ್ದುದರಿಂದ ಅವರ ಬಿಲ್ಲಿನಲ್ಲಿ ತೆರಿಗೆ ಬೇರೆ ತೋರಿಸುವುದಿಲ್ಲ. ಆದ್ದರಿಂದ ಉಮರ್ಗಾದ ಹೋಲ್‌ಸೇಲ್ ಅಂಗಡಿಯ ಬಿಲ್ಲನ್ನು ತೆಗೆದುಕೊಂಡೆವು. ಅದರಲ್ಲಿ ಕೇಂದ್ರದ ತೆರಿಗೆ, ರಾಜ್ಯದ ತೆರಿಗೆ ಸಮವಾಗಿ ಎರಡು ಸಾಲು. ಬಸವಕಲ್ಯಾಣದಿಂದ ಬಂದ ಮಾಲಿನ ಬಿಲ್ಲಿನಲ್ಲಿ ಐಜಿಎಸ್‌ಟಿ ಎಂದು ಒಂದೇ ಸಾಲು, ಏಕೆಂದರೆ ಮಾಲು ರಾಜ್ಯದ ಗಡಿ ದಾಟಿ ಬಂದಿದೆ. ಪುಸ್ತಕದಲ್ಲಿ ತಲೆಗೆ ಹತ್ತದ್ದು ಎರಡು ಬಿಲ್ಲು ಪಕ್ಕಪಕ್ಕ ಇಟ್ಟಾಗ ಹತ್ತಿತು.

ಅನಂತರ ಲೆಕ್ಕ. ವ್ಯಾಪಾರಿ 10,000 ರೂಪಾಯಿಯ ಮಾಲನ್ನು ಶೇಕಡಾ 18ರ ದರದಲ್ಲಿ ಕೊಂಡರೆ 1,800 ರೂಪಾಯಿ ತೆರಿಗೆ ಕೊಡುತ್ತಾನೆ. 12,000ಕ್ಕೆ ಮಾರಿದರೆ 2,160 ತೆರಿಗೆ ವಸೂಲು ಮಾಡುತ್ತಾನೆ. ಕೊಟ್ಟದ್ದನ್ನು ಕಳೆದು ಸರಕಾರಕ್ಕೆ ಕಟ್ಟಬೇಕಾದದ್ದು 360, ಕೇಂದ್ರಕ್ಕೆ 180, ರಾಜ್ಯಕ್ಕೆ 180. ಇಲ್ಲಿ ಅಂಗಡಿಯ ಮಕ್ಕಳು ಬೀಳುವ ಒಂದು ಗುಂಡಿ ಇದೆ. ತೆರಿಗೆ ಸೇರಿ 1,180 ರೂಪಾಯಿ ಎಂದರೆ ಅವರು 1,180ರ ಮೇಲೆಯೇ ಶೇಕಡಾ 18 ತೆಗೆದು 967.60 ಎಂದು ಬರೆಯುತ್ತಾರೆ. ತೆರಿಗೆ ಹಾಕಿದ್ದು ಮೂಲ ಬೆಲೆಯ ಮೇಲೆ. ಮೂಲ ಬೆಲೆ 100 ಇದ್ದರೆ ತೆರಿಗೆ ಸೇರಿ 118 ಆಗುತ್ತದೆ, ಆ ಪ್ರಮಾಣದಲ್ಲಿ ಉತ್ತರ 1,000. ಈಗಿನ ಮಕ್ಕಳಿಗೆ ಇನ್ನೊಂದು ಎಚ್ಚರಿಕೆ ಬೇಕು. 2025ರ ಸೆಪ್ಟೆಂಬರ 22ರಿಂದ ಅನೇಕ ವಸ್ತುಗಳ ದರ ಬದಲಾಗಿದೆ. 2018ರಲ್ಲಿ ಬಂದ ಪುಸ್ತಕದಲ್ಲಿ ಹಳೆಯ ದರಗಳಿವೆ. ಪರೀಕ್ಷೆಯಲ್ಲಿ ಪ್ರಶ್ನೆಯಲ್ಲಿ ಕೊಟ್ಟ ದರವನ್ನೇ ಹಿಡಿಯಬೇಕು, ಅಂಗಡಿಯ ದರವನ್ನಲ್ಲ.

ಸಮಯದ ವಿಷಯ. ನಮ್ಮ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಯುತ್ತದೆ, ಚಳಿಗಾಲದಲ್ಲಂತೂ ಆರು ಗಂಟೆಯೊಳಗೆ. ಹಾಗಾಗಿ ಆರೂವರೆಯಿಂದ ಎಂಟೂವರೆಯವರೆಗೆ ಎರಡು ತಾಸು ಎಲ್ಲೂ ತುಂಡಾಗದೆ ಸಿಗುತ್ತದೆ. ಮೊದಲ ತಾಸು ಗಣಿತ, ಎರಡನೆಯದು ಬೇರೆ ವಿಷಯ. ಮುಂಜಾನೆ ಒಂದು ತಾಸು ಭೂಮಿತಿ. ಈ ಸಂಜೆಯ ಹೊತ್ತೇ ಅಂಗಡಿಯಲ್ಲಿ ಗಿರಾಕಿ ಹೆಚ್ಚು. "ಐದು ನಿಮಿಷ ಗಲ್ಲಾ ಮೇಲೆ ಕೂಡು" ಎಂದು ಕರೆದರೆ ಹುಡುಗ ಹಿಂದಕ್ಕೆ ಬರುವುದು ಮುಕ್ಕಾಲು ತಾಸಿಗೆ. ತಂದೆಯವರು ಮೂರು ತಿಂಗಳು ಒಬ್ಬ ಆಳನ್ನು ಇಟ್ಟುಕೊಂಡರು. ಲಗ್ನಗಳಿಗೂ ಹುಡುಗನನ್ನು ಕರೆದೊಯ್ಯಲಿಲ್ಲ.

ಬಿಡಿಸಿದ ಲೆಕ್ಕವನ್ನು ಓದಿದಾಗ ಎಲ್ಲ ತಿಳಿದಂತೆ ಅನಿಸುತ್ತದೆ. ಪುಸ್ತಕ ಮುಚ್ಚಿದರೆ ಮೊದಲ ಸಾಲೂ ಬರುವುದಿಲ್ಲ. ಅದಕ್ಕಾಗಿ ಪ್ರತಿ ಪಾಠದ ಎರಡು ಲೆಕ್ಕಗಳನ್ನು ಮೂರು ದಿನದ ಮೇಲೆ, ಒಂದು ವಾರದ ಮೇಲೆ, ಮೂರು ವಾರದ ಮೇಲೆ ಪುಸ್ತಕ ಮುಚ್ಚಿ ಮತ್ತೆ ಮಾಡಿಸಿದೆವು. ಮೂರನೆಯ ಸಲವೂ ತಪ್ಪಿದರೆ ಆ ಪಾಠ ಇನ್ನೂ ಬಂದಿಲ್ಲವೆಂದು ಲೆಕ್ಕ.

ಜನವರಿ ಮಧ್ಯದಿಂದ ಹೊಸ ಪಾಠ ನಿಲ್ಲಿಸಿ ಪ್ರತಿ ರವಿವಾರ ಪರೀಕ್ಷೆಯ ಹೊತ್ತಿಗೇ, ಬೆಳಿಗ್ಗೆ 11 ಗಂಟೆಗೆ, ಹಿಂದಿನ ವರ್ಷದ ಪೂರ್ಣ ಪತ್ರಿಕೆ ಬರೆಸಿದೆವು, ಎರಡು ತಾಸು ಗಡಿಯಾರ ಇಟ್ಟು. ಬೀಜಗಣಿತದಲ್ಲಿ ಮೊದಲ ಸಲ 13, ಅನಂತರ 17, ಆಮೇಲೆ ಮತ್ತೆ 15. ಹುಡುಗ ಕಂಗಾಲಾಗಿ, "ಕಾಕಾ, ನನ್ನ ಕೈಲಿ ಆಗೂದಿಲ್ಲ" ಎಂದ. ಉತ್ತರಪತ್ರಿಕೆ ಮತ್ತೆ ಮೂರು ಗುಂಪು ಮಾಡಿ ತೋರಿಸಿದೆವು. ಚಿಹ್ನೆಯ ತಪ್ಪು ಒಂದೇ ಇತ್ತು. ಆದರೆ ನಾಲ್ಕು ಅಂಕದ ಒಂದು ಪ್ರಶ್ನೆಯ ಮೇಲೆ 35 ನಿಮಿಷ ಕಳೆದಿದ್ದ. ಅಂದಿನಿಂದ ಒಂದು ಅಂಕದವು ಮೊದಲು, ಎರಡು ಅಂಕದವು ಆಮೇಲೆ, ಹತ್ತು ನಿಮಿಷದಲ್ಲಿ ಮುಂದೆ ಹೋಗದ ಪ್ರಶ್ನೆಯನ್ನು ಬಿಟ್ಟು ಮುಂದಿನದಕ್ಕೆ, ಎಂದು ಕ್ರಮ ಮಾಡಿದೆವು. ಮುಂದಿನ ರವಿವಾರ 20 ಬಂತು.

ಈ ಕ್ರಮಕ್ಕೂ ಮಿತಿ ಇದೆ. ಮೂರು ವಾರ ಕೂಡಿಸಿದರೂ 36ನ್ನು 63 ಎಂದು ಬರೆಯುವ, ಚಿಕ್ಕ ಕೂಡಿಕೆಗೂ ಬೆರಳು ಎಣಿಸುವ ಮಗುವಿದ್ದರೆ ಬೈಯಬೇಡಿರಿ. ಅದು ಕಲಿಕೆಯ ನ್ಯೂನತೆ ಇರಬಹುದು. ವೈದ್ಯಕೀಯ ಪ್ರಮಾಣಪತ್ರ ಇದ್ದವರಿಗೆ ಮಂಡಳ ಹೆಚ್ಚಿನ ಸಮಯವೇ ಮೊದಲಾದ ಸವಲತ್ತು ಕೊಡುತ್ತದೆ. ಮುಖ್ಯಾಧ್ಯಾಪಕರನ್ನು ಕೂಡಲೇ ಕಾಣಿರಿ, ಕೊನೆಯ ತಿಂಗಳಲ್ಲಿ ಓಡಾಡಿದರೆ ಆಗದು. ಇನ್ನು ಒಂದು ವಿಷಯ ಉಳಿದರೂ ಬೇಸಿಗೆಯ ನಂತರ ಪೂರಕ ಪರೀಕ್ಷೆ ಇದೆ, ವರ್ಷ ಹೋಗಬೇಕೆಂದಿಲ್ಲ.

ಆ ಹುಡುಗನಿಗೆ ಬೀಜಗಣಿತದಲ್ಲಿ 21, ಭೂಮಿತಿಯಲ್ಲಿ 14, ಅಂತರ್ಗತದಲ್ಲಿ 16, ಒಟ್ಟು 51 ಬಂತು. ಭೂಮಿತಿಯಲ್ಲಿ ಗುರಿಗೆ ಒಂದು ಅಂಕ ಕಡಿಮೆ. ಈಗ ಅವನು ಲಾತೂರಿನಲ್ಲಿ ವಾಣಿಜ್ಯ ಓದುತ್ತಿದ್ದಾನೆ. ರಜೆಗೆ ಬಂದಾಗ ಹೋಲ್‌ಸೇಲ್ ಬಿಲ್ಲುಗಳನ್ನು ತಾಳೆ ನೋಡುವ ಕೆಲಸ ಅವನದೇ. ಕಳೆದ ಸಲ ಒಂದು ಬಿಲ್ಲಿನಲ್ಲಿ ತೆರಿಗೆ ಹೆಚ್ಚು ಹಾಕಿದ್ದನ್ನು ಅವನು ಹಿಡಿದನೆಂದು ತಂದೆಯವರೇ ನಮಗೆ ಹೇಳಿದರು.