ಕೈಬರಹದ ಕವಿತೆಯ ಫೋಟೊ ಬಂದಾಗ

ಕುಷ್ಟಗಿ ಕಡೆಯ ಹೊಲಿಗೆ ಅಂಗಡಿಯ ಹಿರಿಯರೊಬ್ಬರು ನೋಟುಬುಕ್ಕಿನ ಹಾಳೆಯಲ್ಲಿ ಬರೆದ ಕವಿತೆಯ ಫೋಟೊ ತೆಗೆದು ನಿಮ್ಮ ವಾಟ್ಸಾಪಿಗೆ ಕಳಿಸಿದ್ದಾರೆ ಎಂದಿಟ್ಟುಕೊಳ್ಳಿ. ಜೊತೆಗೆ ಒಂದೇ ಸಾಲು: 'ಸುಮ್ನ ಬರದೀನ್ರಿ, ನೋಡ್ರಿ.' ಈ 'ಸುಮ್ನ'ದ ಹಿಂದೆ ಸಾಕಷ್ಟು ಅಳುಕಿರುತ್ತದೆ. 'ಚಲೋ ಐತ್ರಿ' ಎಂದು ಮುಗಿಸಿದರೆ ನೀವು ಓದಿದಿರೋ ಇಲ್ಲವೋ ಎಂಬುದು ಅವರಿಗೆ ತಿಳಿಯುವುದಿಲ್ಲ. ಮೊದಲ ಮಾತಿಗೇ ತಿದ್ದುಪಡಿ ಹೇಳಿದರೆ ಮುಂದಿನ ಕವಿತೆ ನಿಮಗೆ ಬರುವುದೇ ಇಲ್ಲ. ಮೆಚ್ಚುಗೆ ನಿಜವಾಗಬೇಕಾದರೆ ಮೊದಲು ಕವಿತೆಯನ್ನು ಪೂರ್ತಿ ಓದಬೇಕು. ಫೋಟೊದಲ್ಲಿ ಅದು ಅಷ್ಟು ಸಲೀಸಲ್ಲ.

ಉದಾಹರಣೆಗೆಂದು ನಾನೇ ಕಟ್ಟಿದ ಮೂರು ಸಾಲು ಇಲ್ಲಿವೆ; ಆ ಹಾಳೆಯಲ್ಲಿರುವುದು ಇವೇ ಎಂದುಕೊಳ್ಳಿ:

ಮಳಿಯೇ ಬಾರದ ಎರಿ ಹೊಲದಾಗ
ಅವ್ವನ ಬೆವರೇ ಹನಿ ಹನಿಯಾತು
ಬಿತ್ತಿದ ಸಜ್ಜಿ ಮೊಳಕೆ ಒಡೀಲಿಲ್ಲ

ಹಾಳೆಯ ಮಡಿಕೆ ಎರಡನೆಯ ಸಾಲಿನ ಮೇಲೆ ಹಾದುಹೋಗಿ, 'ಬೆವರೇ' ಎಂಬುದರ ದೀರ್ಘದ ಗುರುತು ಕಾಣದೆ 'ಬೆವರೆ' ಎಂದಾಗಿದೆ. ಅಂಚಿನಲ್ಲಿ ಜಾಗ ಸಾಲದೆ 'ಹನಿಯಾತು' ಕೆಳಗಿಳಿದು ಒಂಟಿಯಾಗಿ ನಿಂತಿದೆ. ಅದು ಕವಿಯೇ ಮುರಿದ ಸಾಲೋ, ಹಾಳೆ ಮುರಿದ ಸಾಲೋ?

ಇಲ್ಲಿ ಹಳೆಯ ಮಾತ್ರೆಯ ಲೆಕ್ಕ ಕೈಹಿಡಿಯುತ್ತದೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಮೊದಲ ಸಾಲನ್ನು 'ಮಳಿಯೇ | ಬಾರದ | ಎರಿಹೊಲ | ದಾಗ' ಎಂದು ಬಿಡಿಸಿದರೆ ನಾಲ್ಕು, ನಾಲ್ಕು, ನಾಲ್ಕು, ಮೂರು ಬರುತ್ತದೆ. ಎರಡನೆಯದು 'ಅವ್ವನ | ಬೆವರೇ | ಹನಿಹನಿ | ಯಾತು'. 'ಬೆವರೆ' ಎಂದು ಓದಿದರೆ ಒಂದು ಮಾತ್ರೆ ಕಡಿಮೆ ಬೀಳುತ್ತದೆ. ದೀರ್ಘ ಹಾಕಿದರೆ ಸರಿಹೋಗುತ್ತದೆ. 'ಹನಿಯಾತು' ಮೇಲಿನ ಸಾಲಿಗೆ ಸೇರಿದರೆ ಎರಡೂ ಸಾಲು ಸಮನಾಗುತ್ತವೆ. ಹಾಗಾಗಿ ಅದನ್ನು ಮುರಿದದ್ದು ಹಾಳೆ ಎಂದೇ ಊಹಿಸಬಹುದು. ಆದರೆ ಲಯಕ್ಕೆ ಕಟ್ಟುಬೀಳದ ಕವಿತೆಗೆ ಈ ಲೆಕ್ಕ ನಡೆಯುವುದಿಲ್ಲ. ಆಗ ಫೋನ್ ಮಾಡಿ, 'ಕಾಕಾ, ಒಮ್ಮೆ ನೀವ ಓದ್ರಿ, ಕೇಳ್ತೀನಿ' ಎನ್ನುವುದೇ ದಾರಿ. ಅವರ ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಸಾಲು ಮುಗಿಯುತ್ತದೆ.

ಇಷ್ಟಾದ ಮೇಲೆ ಉತ್ತರ ಬರೆಯಿರಿ. ಅದರಲ್ಲಿ ಅವರದೇ ಒಂದು ಸಾಲು ಇರಬೇಕು, ಆ ಸಾಲು ನಿಮಗೆ ಏನು ಮಾಡಿತು ಎಂಬುದೂ ಇರಬೇಕು. 'ಕಾಕಾ, ಜೋರಾಗಿ ಎರಡು ಸಲ ಓದಿದೆ. ಮಳಿ ಇಲ್ಲದ ಹೊಲಕ್ಕ ಅವ್ವನ ಬೆವರ ಹನಿಯಾತು ಅಂದೀರಲ್ರಿ, ಅಲ್ಲಿ ನಿಂತುಬಿಟ್ಟೆ. ನಮ್ಮವ್ವ ಕಣ್ಣಮುಂದ ಬಂದಳು.' ಅಷ್ಟೇ ಸಾಕು. ಇದರ ಬೆನ್ನಿಗೇ 'ಆದರ' ಎಂದು ಸೇರಿಸಬೇಡಿ; ಆ ಒಂದು ಪದ ಬಂದರೆ ಓದುವವರ ಮನಸ್ಸಿನಲ್ಲಿ ಹಿಂದಿನದೆಲ್ಲ ಅಳಿಸಿಹೋಗುತ್ತದೆ. ಅವರು ಮರುಮಾತಾಡಲಿ. ಅವ್ವನ ಬಗ್ಗೆಯೋ ಹೊಲದ ಬಗ್ಗೆಯೋ ಇನ್ನೂ ಹೇಳಬಹುದು. ಕೆಲವೊಮ್ಮೆ ಕವಿತೆಗಿಂತ ದೊಡ್ಡ ಮಾತು ಆಗಲೇ ಬರುತ್ತದೆ.

ಆಮೇಲೆ ಕೇಳಬಹುದು: 'ಟೈಪ್ ಮಾಡಿ ಕಳಿಸ್ಲೇನ್ರಿ? ಸಾಲಿನ ಬಗ್ಗೆ ನನಗ ಅನಿಸಿದ್ದು ಹೇಳ್ಲೇನು?' ಎರಡೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಹೂಂ ಎಂದವರು ಎರಡನೆಯದಕ್ಕೂ ಒಪ್ಪಿದರು ಎಂದು ತಿಳಿಯಬಾರದು.

ಟೈಪ್ ಮಾಡುವಾಗ ದೊಡ್ಡ ಅಪಾಯ ನಮ್ಮ ಕೈಯ ರೂಢಿಯದು. 'ಮಳಿ'ಯನ್ನು 'ಮಳೆ' ಎಂದೂ 'ಹೊಲದಾಗ' ಎಂಬುದನ್ನು 'ಹೊಲದಲ್ಲಿ' ಎಂದೂ ಬೆರಳು ತಾನಾಗಿ ತಿದ್ದುತ್ತದೆ. ಇವು ತಪ್ಪುಗಳಲ್ಲ, ಕೊಪ್ಪಳ ಸೀಮೆಯ ಮಾತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಆ ನೆಲದ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ಒಗ್ಗಿಸುವ ಹಕ್ಕು ಟೈಪ್ ಮಾಡುವವರಿಗಿಲ್ಲ ಎಂದೇ ನನ್ನ ನಂಬಿಕೆ. 'ಬ' 'ಭ', 'ದ' 'ಧ' ಅದಲುಬದಲಾಗಿದ್ದರೆ ಅದು ಬೇರೆ ಮಾತು. ಅವುಗಳನ್ನು ತಿದ್ದಿ, ತಿದ್ದಿದ್ದೇನೆಂದು ತಿಳಿಸಿ. ಓದಲಾಗದ ಪದದ ಜಾಗದಲ್ಲಿ ಊಹೆಯ ಪದ ತುಂಬದೆ ಚುಕ್ಕಿ ಇಟ್ಟು ಕೇಳಿ. ಕೊನೆಯಲ್ಲಿ ಅವರು ಬರೆದ ತಾರೀಕು, ಊರಿನ ಹೆಸರು ಇದ್ದರೆ ಅವೂ ಇರಲಿ.

ಸಲಹೆಗೂ ಒಪ್ಪಿದರೆ ಒಂದೇ ಸಾಲು ಹಿಡಿಯಿರಿ. ಇಲ್ಲಿ ಮೂರನೆಯದರಲ್ಲಿ ಹದಿನಾರು ಮಾತ್ರೆ ಇವೆ, ಉಳಿದವುಗಳಲ್ಲಿ ಹದಿನೈದು. ಗಣಗಳೂ ಒಡೆಯುತ್ತವೆ. 'ಬಿತ್ತಿದ ಸಜ್ಜೀ ಮೊಳಿಯದೆ ಹೋತು' ಎಂದರೆ ನಡೆ ಕೂಡುತ್ತದೆ, 'ಹನಿಯಾತು' ಜೊತೆ ಪ್ರಾಸವೂ ಸಿಗುತ್ತದೆ. ಇದನ್ನು ಹೇಳುವ ಮುನ್ನ ಕೇಳಬೇಕಾದ್ದೊಂದಿದೆ: 'ಇಲ್ಲಿ ಲಯ ಎಡವ್ತದ, ಬೇಕಂತ ಹಂಗ ಇಟ್ಟೀರೇನ್ರಿ?' ಬೆಳೆ ಬಾರದ ಸಾಲು ಎಡವಿಯೇ ನಡೆಯಲಿ ಎಂದು ಅವರು ಬಯಸಿರಬಹುದು. ಹೌದೆಂದರೆ ಸಾಲು ಹಾಗೆಯೇ ಇರುತ್ತದೆ, ನಿಮ್ಮ ಬದಲಿ ಸಾಲನ್ನು ಹೇಳುವ ಅಗತ್ಯವೇ ಬರುವುದಿಲ್ಲ.