ಆಯ್ಕೆಯಾಗಲಿಲ್ಲ ಎಂದು ತಿಳಿಸುವ ಪತ್ರದಲ್ಲಿ ಕಾರಣವೂ ಇರಲಿ

ಕೊನೆಯ ಸುತ್ತಿನ ಸಂದರ್ಶನದವರೆಗೆ ಬಂದವರು ಅಷ್ಟು ಹೊತ್ತಿಗೆ ಎರಡು ಮೂರು ಸಲ ರಜೆ ಹಾಕಿರುತ್ತಾರೆ, ಸಂಬಳದ ಮಾತೂ ಆಡಿ ಮುಗಿಸಿರುತ್ತಾರೆ. ಅಂಥವರಿಗೆ ‘ನಿಮ್ಮ ವಿವರ ನಮ್ಮಲ್ಲಿರುತ್ತದೆ, ಶುಭವಾಗಲಿ’ ಎಂದಷ್ಟೇ ಮೇಲ್ ಕಳಿಸುವುದು ಅನ್ಯಾಯ. ಎಲ್ಲಿ ಎಡವಿದೆವು ಎಂಬುದು ತಿಳಿಯದೆ ಅವರು ಮುಂದಿನ ಸಂದರ್ಶನಕ್ಕೂ ಅದೇ ಸಿದ್ಧತೆಯಲ್ಲಿ ಹೋಗುತ್ತಾರೆ.

ಪೀಣ್ಯದ ಒಂದು ಕಾರ್ಖಾನೆ ಸೀನಿಯರ್ ಅಕೌಂಟೆಂಟ್ ಹುಡುಕುತ್ತಿದೆ ಎಂದುಕೊಳ್ಳೋಣ. ಕೊನೆಗೆ ಉಳಿದ ಇಬ್ಬರಲ್ಲಿ ಒಬ್ಬರಿಗೆ ಕೆಲಸ ಸಿಕ್ಕಿತು. ಇನ್ನೊಬ್ಬರಿಗೆ ಹೀಗೆ ಬರೆಯಬಹುದು:

‘ನಮಸ್ಕಾರ ಮೇಡಂ. ಈ ಹುದ್ದೆಗೆ ನಾವು ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ. ಖರೀದಿ ಲೆಕ್ಕವನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವ ಕ್ರಮವನ್ನು ನೀವು ತಪ್ಪಿಲ್ಲದೆ ವಿವರಿಸಿದಿರಿ. ಆದರೆ ಮಾಲು ಕೊಟ್ಟವರು ರಿಟರ್ನ್ ಸಲ್ಲಿಸದೆ ಬಿಲ್ಲು 2ಬಿಯಲ್ಲಿ ಕಾಣದಿದ್ದರೆ ಏನು ಮಾಡುತ್ತೀರಿ ಎಂದಾಗ, ಫೋನ್ ಮಾಡಿ ಕೇಳುತ್ತೇನೆ ಎಂಬಲ್ಲಿಗೆ ನಿಮ್ಮ ಉತ್ತರ ನಿಂತಿತು. ಆ ತಿಂಗಳು ಆ ಬಿಲ್ಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಬಿಡಲೇಬೇಕು, ಅವರ ಹಣ ತಡೆಹಿಡಿಯಬೇಕೇ ಎಂಬುದನ್ನು ಈ ಹುದ್ದೆಯವರೇ ತೀರ್ಮಾನಿಸಬೇಕಾಗುತ್ತದೆ. ಅದನ್ನು ನಿಮ್ಮ ಉತ್ತರದಲ್ಲಿ ನಿರೀಕ್ಷಿಸಿದ್ದೆವು.’

ತೀರ್ಮಾನವನ್ನು ಮೊದಲೇ ಹೇಳಿಬಿಟ್ಟಿದ್ದಾರೆ. ಹೊಗಳಿಕೆಯನ್ನು ಮುಂದಿಟ್ಟರೆ ಓದುವವರು ಕೆಲಸ ಸಿಕ್ಕಿತೆಂದುಕೊಂಡು ನಾಲ್ಕು ಸಾಲು ಖುಷಿಪಟ್ಟು, ಐದನೆಯ ಸಾಲಿನಲ್ಲಿ ಕುಸಿಯುತ್ತಾರೆ. ಅದು ಸೌಜನ್ಯವಲ್ಲ. ಇಲ್ಲಿನ ಟೀಕೆ ಕೇಳಿದ ಒಂದು ಪ್ರಶ್ನೆಗೆ, ಕೊಟ್ಟ ಒಂದು ಉತ್ತರಕ್ಕೆ ಕಟ್ಟುಬಿದ್ದಿದೆ. ‘ನಿಮ್ಮಲ್ಲಿ ಆತ್ಮವಿಶ್ವಾಸ ಕಡಿಮೆ’ ಎಂದು ಬರೆದಿದ್ದರೆ ಆ ಹೆಣ್ಣುಮಗಳು ಏನು ತಿದ್ದಿಕೊಳ್ಳಬೇಕಿತ್ತು? ಈಗಾದರೆ ಏನು ಓದಬೇಕು, ಮುಂದಿನ ಸಲ ಮಾತನ್ನು ಎಲ್ಲಿಯವರೆಗೆ ಒಯ್ಯಬೇಕು ಎಂಬುದು ಸ್ಪಷ್ಟ.

ಇಷ್ಟು ಖಚಿತವಾಗಿ ಬರೆಯಬೇಕಾದರೆ ಸಂದರ್ಶನ ಮಾಡಿದವರು ಅಂದೇ ಟಿಪ್ಪಣಿ ಮಾಡಿಟ್ಟಿರಬೇಕು. ವಾರ ಕಳೆದ ಮೇಲೆ ನೆನಪಿನಿಂದ ಬರೆದರೆ ‘ಒಟ್ಟಾರೆ ಚೆನ್ನಾಗಿತ್ತು, ಸ್ವಲ್ಪ ಸುಧಾರಿಸಬೇಕು’ ಎಂಬಂಥ ಮಾತೇ ಬರುವುದು. ಆ ಸಾಲನ್ನು ಒಂದಕ್ಷರ ಬದಲಿಸದೆ ಯಾರಿಗೆ ಬೇಕಾದರೂ ಕಳಿಸಬಹುದು ಎನಿಸಿದರೆ ಅದನ್ನು ಹೊಡೆದುಹಾಕುವುದೇ ಮೇಲು. ಆಯ್ಕೆಯಾದವರ ಜೊತೆ ಹೋಲಿಸುವುದೂ ಬೇಡ. ಅವರ ಸಂಗತಿ ಇವರಿಗೆ ಹೇಳುವಂಥದ್ದಲ್ಲ.

ಕೆಲವೊಮ್ಮೆ ಅಭ್ಯರ್ಥಿಯಲ್ಲಿ ಕೊರತೆಯೇ ಇರುವುದಿಲ್ಲ. ಒಳಗಿನ ನೌಕರರೊಬ್ಬರಿಗೆ ಬಡ್ತಿ ಕೊಟ್ಟಿರಬಹುದು, ಹುದ್ದೆಯನ್ನೇ ಕೈಬಿಟ್ಟಿರಬಹುದು. ಆಗ ಬರೆಯುವವರಿಗೆ ಏನಾದರೊಂದು ಹುಳುಕು ಹುಡುಕಿ ಹೇಳುವ ಚಪಲ ಬರುತ್ತದೆ. ಅದರಂಥ ಕೆಟ್ಟ ಕೆಲಸ ಇನ್ನೊಂದಿಲ್ಲ, ಏಕೆಂದರೆ ಇಲ್ಲದ ದೋಷವನ್ನು ತಿದ್ದಲು ಅವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ‘ನಿಮ್ಮ ಉತ್ತರಗಳಲ್ಲಿ ನಮಗೆ ಕೊರತೆ ಕಾಣಲಿಲ್ಲ, ಹುದ್ದೆಯನ್ನು ಒಳಗಿನವರಿಗೆ ಕೊಟ್ಟೆವು’ ಎಂದು ನಿಜವನ್ನೇ ಬರೆಯಬೇಕು. ‘ಮತ್ತೆ ಅರ್ಜಿ ಹಾಕಿ’ ಎಂಬ ಸಾಲನ್ನೂ, ಅವರನ್ನು ನಿಜಕ್ಕೂ ಮತ್ತೆ ಕರೆಯುವ ಮನಸ್ಸಿದ್ದರೆ ಮಾತ್ರ ಸೇರಿಸಬೇಕು.