ಸ್ವಾಪ್ ತುಂಬಿದರೆ ಗಾಬರಿ ಬೇಕೆ?

ಲಿನಕ್ಸ್ ಸರ್ವರ್‌ನಲ್ಲಿ 2 ಜಿಬಿ ಸ್ವಾಪ್ ಬಳಕೆಯಾಗಿದೆ ಎಂದು ಕಂಡೊಡನೆ ಹೊಸ ರ‍್ಯಾಮ್‌ಗೆ ಆರ್ಡರ್ ಕೊಡುವವರಿದ್ದಾರೆ. ಅವಸರ ಬೇಡ. ಬಹುಕಾಲ ಯಾರೂ ಮುಟ್ಟದ ಪುಟಗಳನ್ನು ಕರ್ನಲ್ ಡಿಸ್ಕಿಗೆ ಸಾಗಿಸಿರಬಹುದು. ಅವು ಅಲ್ಲೇ ಬಿದ್ದಿದ್ದರೆ ನಷ್ಟವೇನಿಲ್ಲ. ನೋಡಬೇಕಾದ್ದು ಓಡಾಟವನ್ನು. ಕೆಲಸದ ಒತ್ತಡವಿರುವ ಹೊತ್ತಿನಲ್ಲಿ `vmstat 1` ಕೊಡಿ. ಮೊದಲ ಸಾಲು ಬಿಡಿ, ಅದು ಯಂತ್ರ ಶುರುವಾದಾಗಿನಿಂದಿನ ಸರಾಸರಿ. ಮುಂದೆ `si`, `so` ಎರಡೂ ಸೊನ್ನೆಯ ಆಸುಪಾಸಿನಲ್ಲಿದ್ದರೆ ಆ 2 ಜಿಬಿ ಹಳೆಯ ಕಥೆ. ನಿಮಿಷಗಟ್ಟಲೆ ಸಾವಿರಗಳಲ್ಲೇ ಇದ್ದರೆ ಮೆಮೊರಿ ಸಾಲುತ್ತಿಲ್ಲ.

ಪೇಜ್ ಫಾಲ್ಟ್‌ಗಳಲ್ಲೂ ಬಹುಪಾಲು ಡಿಸ್ಕಿನ ತನಕ ಹೋಗದವು. `sar -B 1` ತೋರಿಸುವ `majflt/s` ಮಾತ್ರ ಡಿಸ್ಕಿನಿಂದ ಓದಿಸುವಂಥದ್ದು. ಹೊಸ ಪ್ರೋಗ್ರಾಂ ಶುರುವಾದಾಗ ಅದು ಕ್ಷಣಕಾಲ ಏರುವುದು ಸಹಜ, ಇಳಿಯದಿದ್ದರೆ ಅನುಮಾನಪಡಿ. ಸ್ವಾಪೇ ಇಲ್ಲದ ಸರ್ವರ್‌ನಲ್ಲೂ ಅದು ಏರೀತು: ಜಾಗ ಸಾಲದೆ ಕರ್ನಲ್ ಪ್ರೋಗ್ರಾಮಿನ ಕೋಡ್ ಪುಟಗಳನ್ನೇ ಹೊರಹಾಕಿ, ಮತ್ತೆ ಮತ್ತೆ ಓದಿ ತರುತ್ತಿರುತ್ತದೆ.